ರಿಜಿಸ್ಟ್ರೇಷನ್ ಫೀ ಕೇಳಿದವರಿಗೆ ನಾಲ್ಕೇ ಸಾಲಿನ ಉತ್ತರ

"ವಾಟ್ಸಾಪ್‌ನಲ್ಲಿ ಒಂದು ಕೆಲಸದ ಮೆಸೇಜ್ ಬಂದಿದೆ. ದೊಡ್ಡ ಕಂಪನಿ ಹೆಸರಿದೆ. 1,950 ರೂಪಾಯಿ ರಿಜಿಸ್ಟ್ರೇಷನ್ ಫೀ ಕಟ್ಟಿ, ಜಾಯಿನ್ ಆದಮೇಲೆ ವಾಪಸ್ ಬರುತ್ತೆ ಅಂತಿದ್ದಾರೆ. ಮೋಸನಾ ಅಂತ ನೇರವಾಗಿ ಕೇಳಿಬಿಟ್ಟರೆ, ನಿಜವಾದ ಕೆಲಸ ಆಗಿದ್ದರೆ ಕೈ ತಪ್ಪಿ ಹೋಗುತ್ತಲ್ಲ ಅನ್ನೋ ಭಯ. ಚಿಕ್ಕದಾಗಿ, ಅವರಿಗೆ ಬೇಜಾರಾಗದ ಹಾಗೆ ಏನಂತ ರಿಪ್ಲೈ ಮಾಡಲಿ?"

ಇಷ್ಟು ಕಳಿಸಿ ಸಾಕು:

"ನಮಸ್ಕಾರ. ಕೆಲಸದ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್, ನನಗೆ ಆಸಕ್ತಿ ಇದೆ. ಫೀ ವಿವರವನ್ನು ದಯವಿಟ್ಟು ಕಂಪನಿಯ ಮೇಲ್ ಐಡಿಯಿಂದ ನನ್ನ ಮೇಲ್‌ಗೆ ಕಳಿಸಿ. ನಾನು ಆಫೀಸಿಗೆ ಫೋನ್ ಮಾಡಿದರೆ ಯಾರ ಹೆಸರು ಹೇಳಬೇಕು ಅಂತಲೂ ತಿಳಿಸಿ. ಫೀ ಇರುವುದೇ ಆದರೆ ಮೊದಲ ತಿಂಗಳ ಸಂಬಳದಲ್ಲಿ ಹಿಡಿದುಕೊಳ್ಳಿ, ನನ್ನ ಒಪ್ಪಿಗೆ ಇದೆ."

ಇದರ ಜೊತೆಗೆ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ಫೋಟೋ ಏನೂ ಹಾಕಬೇಡಿ. ಕೇಳಿದರೆ "ಇಂಟರ್‌ವ್ಯೂಗೆ ಬರುವಾಗ ತರುತ್ತೇನೆ" ಅನ್ನಿ.

ನಾನು ಪೀಣ್ಯದ ಒಂದು ಮ್ಯಾನ್‌ಪವರ್ ಏಜೆನ್ಸಿಯಲ್ಲಿ ಆರು ವರ್ಷ ಇದ್ದೆ, ಈಗ ಒಂದು ಫ್ಯಾಕ್ಟರಿಯ ಎಚ್‌ಆರ್‌ನಲ್ಲಿದ್ದೇನೆ. ಆದ್ದರಿಂದ ಆ ಕಡೆಯ ಲೆಕ್ಕ ಸ್ವಲ್ಪ ಹೇಳುತ್ತೇನೆ. ಏಜೆನ್ಸಿಗೆ ದುಡ್ಡು ಕೊಡುವುದು ಸಾಮಾನ್ಯವಾಗಿ ಕಂಪನಿ. ವರ್ಷದ ಸಂಬಳದ 8.33 ಪರ್ಸೆಂಟ್ ಅನ್ನುವುದು ಈ ಲೈನಿನಲ್ಲಿ ತುಂಬಾ ಓಡುವ ರೇಟು. ಸುಮ್ನೆ ಲೆಕ್ಕ ಹಾಕಿ, ಅದು ಒಂದು ತಿಂಗಳ ಸಂಬಳ. 20,000 ಸಂಬಳದ ಹುಡುಗ ಜಾಯಿನ್ ಆದರೆ ಏಜೆನ್ಸಿಗೆ ಕಂಪನಿಯಿಂದಲೇ ಹತ್ತಿರ ಹತ್ತಿರ 20,000 ಬರುತ್ತೆ. ಹಾಗಿರುವಾಗ 1,950ಕ್ಕೆ ಹುಡುಗನ ಹಿಂದೆ ಬೀಳುವ ಅಗತ್ಯವೇ ಇಲ್ಲ. ಕಂಪನಿಯೇ ನೇರವಾಗಿ ತೆಗೆದುಕೊಳ್ಳುತ್ತಿದ್ದರಂತೂ ಫೀ ಮಾತೇ ಬರಬಾರದು.

ಆದರೂ "ಫೀ ಕೇಳಿದ, ಅಂದಮೇಲೆ ಕಳ್ಳ" ಅಂತ ನಾನು ಹೇಳುವುದಿಲ್ಲ. ಫೈಲ್ ಚಾರ್ಜ್ ಅಂತ 300, 500 ಕೇಳುವ ಸಣ್ಣ ಏಜೆನ್ಸಿಗಳು ಇವೆ. ಅದು ಸರಿಯಲ್ಲ, ಆದರೆ ಅವರ ಹತ್ತಿರ ಕೆಲಸ ನಿಜವಾಗಿಯೂ ಇರುತ್ತೆ. ಅಂಥ ಒಬ್ಬರಿಗೆ ನನ್ನ ಪರಿಚಯದ ಹುಡುಗ ಸಂಬಳದಲ್ಲಿ ಹಿಡ್ಕೊಳ್ಳಿ ಅನ್ನುವ ಮಾತು ಬರೆದಾಗ, "ಸರಿ, ನಾಳೆ ಹತ್ತು ಗಂಟೆಗೆ ಆಫೀಸಿಗೆ ಬನ್ನಿ, ದುಡ್ಡು ಆಮೇಲೆ ನೋಡೋಣ" ಅಂತ ಉತ್ತರ ಬಂತು. ಹೋದ, ಸ್ಟೋರ್ಸ್ ಹೆಲ್ಪರ್ ಕೆಲಸ ಸಿಕ್ಕಿತು. ಬೈದು ಬ್ಲಾಕ್ ಮಾಡಿದ್ದರೆ ಅದು ಸಿಗುತ್ತಿರಲಿಲ್ಲ. ನಿಮ್ಮ ಭಯ ಸುಳ್ಳಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನೊಂದು ಕಡೆಯ ಕಥೆ ನಮ್ಮ ಮನೆಯದೇ. ನನ್ನ ಅಕ್ಕನ ಮಗಳು ಹಿರಿಯೂರಿನಲ್ಲಿ ಬಿಕಾಂ ಮುಗಿಸಿ ಕೂತಿದ್ದಳು. ಒಂದು ದಿನ ಮೆಸೇಜ್ ಬಂತು. ಬ್ಯಾಕ್ ಆಫೀಸ್ ಕೆಲಸ, ತಿಂಗಳಿಗೆ 22,500, ಇಂಟರ್‌ವ್ಯೂ ಇಲ್ಲ, ನೇರ ಆಫರ್ ಲೆಟರ್. ರಿಜಿಸ್ಟ್ರೇಷನ್ 1,850, ಪೂರ್ತಿ ರಿಫಂಡಬಲ್, ಸಂಜೆ ಆರರೊಳಗೆ ಕಟ್ಟಬೇಕು. ಕೆಳಗೆ ಒಂದು ಕ್ಯೂಆರ್. ಅಕ್ಕ ಫೋನ್ ಮಾಡಿ, "ಕಂಪನಿ ನಿಜವಾಗಿಯೂ ಇದೆ ಕಣೋ, ಗೂಗಲ್‌ನಲ್ಲಿ ನೋಡಿದೆವು, ದೊಡ್ಡ ಬಿಲ್ಡಿಂಗ್" ಅಂದಳು.

ಎಲ್ಲರೂ ಎಡವುವುದು ಇಲ್ಲೇ. ಕಂಪನಿ ಇದೆಯಾ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಮೋಸ ಮಾಡುವವನು ಇಲ್ಲದ ಕಂಪನಿ ಹೆಸರು ಯಾಕೆ ಹಾಕುತ್ತಾನೆ? ಇರುವ, ನಾಲ್ಕು ಜನ ಕೇಳಿರುವ ಹೆಸರನ್ನೇ ಹಾಕುತ್ತಾನೆ. ಮೆಸೇಜ್ ಕಳಿಸಿದವನು ಆ ಕಂಪನಿಯವನಾ ಅನ್ನುವುದನ್ನು ನೋಡಬೇಕು. ಅದಕ್ಕೇ ಉತ್ತರದಲ್ಲಿ ಒಳಗಿನವನಿಗೆ ಮಾತ್ರ ಸುಲಭವಾದ ಕೆಲಸ ಕೇಳುವುದು. ಕಂಪನಿ ಮೇಲ್‌ನಿಂದ ಒಂದು ಮೇಲ್ ಹಾಕುವುದು ನಿಜವಾದ ಎಚ್‌ಆರ್‌ಗೆ ಅರ್ಧ ನಿಮಿಷದ ಕೆಲಸ. ಹೊರಗಿನವನಿಗೆ ಅದೇ ದೊಡ್ಡ ತಲೆನೋವು.

ಅವಳ ಕೈಯಲ್ಲಿ ಮೇಲಿನ ಉತ್ತರವನ್ನೇ ಕಳಿಸಿದೆವು. ಹತ್ತು ನಿಮಿಷಕ್ಕೆ ಮೇಲ್ ಬಂತು. ಕಳಿಸಿದವರ ಹೆಸರಿನ ಜಾಗದಲ್ಲಿ ಕಂಪನಿ ಹೆಸರು ಮತ್ತು "ಎಚ್‌ಆರ್ ಡಿಪಾರ್ಟ್‌ಮೆಂಟ್" ಅಂತಿತ್ತು. ಆ ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅದರ ಮೇಲೆ ಒತ್ತಿದರೆ ಪೂರ್ತಿ ಐಡಿ ಕಾಣುತ್ತೆ. @ ಆದಮೇಲೆ ಇರುವುದನ್ನು ನೋಡಿ. ಅವಳಿಗೆ ಬಂದಿದ್ದರಲ್ಲಿ ಕಂಪನಿ ಹೆಸರಿನ ಮುಂದೆ ಒಂದು ಅಡ್ಡ ಗೆರೆ ಹಾಕಿ careers ಅಂತ ಸೇರಿಸಿದ್ದರು. ಕಂಪನಿ ವೆಬ್‌ಸೈಟ್‌ನ ವಿಳಾಸದಲ್ಲಿ ಆ ಗೆರೆಯೂ ಇಲ್ಲ, ಆ ಪದವೂ ಇಲ್ಲ. ಅಷ್ಟು ಬದಲಾದರೆ ಅದು ಬೇರೆಯವರು ದುಡ್ಡು ಕೊಟ್ಟು ಕೊಂಡ ಬೇರೆಯೇ ವಿಳಾಸ ಆಗಿರಬಹುದು.

ಜೊತೆಗೆ ನಂಬಿಕೆ ಬರಲಿ ಅಂತ ಒಂದು ಜಿಎಸ್‌ಟಿ ಸರ್ಟಿಫಿಕೇಟ್ ಕೂಡ ಕಳಿಸಿದ್ದರು. ಇದು ನೋಡಲು ಸ್ವಲ್ಪ ಮಜಾ ಇದೆ. ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರ ಆ ನಂಬರ್ ಪಡೆದವರ ಪಾನ್ ನಂಬರ್. ಪಾನ್‌ನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೇ ಅಕ್ಷರ, ಅದು ಯಾರದು ಅಂತ ಹೇಳುತ್ತೆ. ಕಂಪನಿ ಆದರೆ C, ಪಾರ್ಟ್‌ನರ್‌ಶಿಪ್ ಆದರೆ F, ಒಬ್ಬ ವ್ಯಕ್ತಿ ಆದರೆ P. ಮೇಲೆ ದೊಡ್ಡದಾಗಿ "ಪ್ರೈವೇಟ್ ಲಿಮಿಟೆಡ್" ಅಂತ ಬರೆದಿದ್ದ ಆ ಸರ್ಟಿಫಿಕೇಟ್‌ನಲ್ಲಿ ಆರನೇ ಅಕ್ಷರ P ಇತ್ತು. gst.gov.in ನಲ್ಲಿ ಆ ನಂಬರ್ ಹಾಕಿದೆ. ಲಾಗಿನ್ ಏನೂ ಬೇಡ, Search Taxpayer ಅಂತ ಇರುತ್ತೆ. ಬೇರೆ ರಾಜ್ಯದ ಯಾವುದೋ ಬಟ್ಟೆ ಅಂಗಡಿ ಬಂತು. ಪಾಪ, ಆ ಅಂಗಡಿಯವರಿಗೆ ಇದು ಗೊತ್ತೇ ಇಲ್ಲವೇನೋ.

ಆದರೆ ಇದನ್ನೇ ನೆಚ್ಚಿಕೊಳ್ಳಬೇಡಿ. ಸ್ವಲ್ಪ ಬುದ್ಧಿ ಇರುವವನು ನಿಜವಾದ ಕಂಪನಿಯ ನಿಜವಾದ ಜಿಎಸ್‌ಟಿ ನಂಬರನ್ನೇ ಹಾಕುತ್ತಾನೆ, ಅದು ಎಲ್ಲ ಬಿಲ್ಲಿನಲ್ಲೂ ಇರುತ್ತಲ್ವಾ. ನಂಬರ್ ತಾಳೆಯಾಗದಿದ್ದರೆ ಮೋಸ ಅಂತ ಗೊತ್ತಾಗುತ್ತೆ. ತಾಳೆಯಾದರೆ ಏನೂ ಗೊತ್ತಾಗುವುದಿಲ್ಲ.

ಕ್ಯೂಆರ್ ಇನ್ನೂ ಸುಲಭ. ಫೋನ್‌ಪೇ ಆಗಲಿ, ಬೇರೆ ಆ್ಯಪ್ ಆಗಲಿ, ಸ್ಕ್ಯಾನ್ ಮಾಡಿದ ತಕ್ಷಣ ಹಣ ಯಾರಿಗೆ ಹೋಗುತ್ತೆ ಅನ್ನುವ ಹೆಸರು ಬರುತ್ತೆ. ಪೇ ಒತ್ತುವ ತನಕ ದುಡ್ಡು ಹೋಗುವುದಿಲ್ಲ, ಹೆಸರು ನೋಡಿ ಹಿಂದೆ ಬಂದುಬಿಡಿ. ನಮಗೆ ಬಂದದ್ದು ಯಾವನೋ ಒಬ್ಬನ ಹೆಸರು. ಕಂಪನಿಯ ಫೀ ಒಬ್ಬ ವ್ಯಕ್ತಿಯ ಖಾತೆಗೆ ಯಾಕೆ ಹೋಗಬೇಕು?

ಕೊನೆಗೆ ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ ಮಾಡಿದೆ. ಕಂಪನಿಯ ವೆಬ್‌ಸೈಟ್‌ನಿಂದ ಲ್ಯಾಂಡ್‌ಲೈನ್ ತೆಗೆದುಕೊಂಡು ಫೋನ್ ಮಾಡಿದೆ. ಮೆಸೇಜ್‌ನಲ್ಲೋ ಆಫರ್ ಲೆಟರ್‌ನಲ್ಲೋ ಇರುವ ನಂಬರ್‌ಗೆ ಮಾಡಿದರೆ ಅವನೇ ಎತ್ತುತ್ತಾನೆ, ಪ್ರಯೋಜನ ಇಲ್ಲ. ವೆಬ್‌ಸೈಟ್ ವಿಳಾಸವನ್ನೂ ಅವನ ಲಿಂಕ್‌ನಿಂದ ತೆರೆಯಬೇಡಿ, ನೀವೇ ಹುಡುಕಿ. ರಿಸೆಪ್ಷನ್‌ನ ಹುಡುಗಿಗೆ ನಾನು ಮೋಸದ ಮಾತೇ ಎತ್ತಲಿಲ್ಲ. "ಬ್ಯಾಕ್ ಆಫೀಸ್ ಕೆಲಸಕ್ಕೆ ಇಂಥವರು ಮೆಸೇಜ್ ಮಾಡಿದ್ದಾರೆ, ಅವರಿಗೆ ಕನೆಕ್ಟ್ ಮಾಡ್ತೀರಾ?" ಅಂತ ಕೇಳಿದೆ. ಆಕೆ ನಿಟ್ಟುಸಿರು ಬಿಟ್ಟು, "ಸರ್, ದುಡ್ಡು ಕಟ್ಟಿದ್ರಾ? ಈ ವಾರ ನೀವು ನಾಲ್ಕನೆಯವರು" ಅಂದಳು.

ಅಷ್ಟರಲ್ಲಿ ಆ ಕಡೆಯಿಂದ ಸಂಬಳದಲ್ಲಿ ಹಿಡಿಯುವ ಮಾತಿಗೆ ಉತ್ತರ ಬಂದಿತ್ತು. "ಮೇಡಂ, ಸಿಸ್ಟಮ್‌ನಲ್ಲಿ ಆ ಆಪ್ಷನ್ ಇಲ್ಲ. ನಿಮ್ಮ ಸೀಟ್ ಬೇರೆಯವರಿಗೆ ಹೋಗುತ್ತೆ. ಈಗ 900 ಕಟ್ಟಿ, ಉಳಿದದ್ದು ನಾಳೆ." ಇದನ್ನು ಗಮನಿಸಿ. ಸಿಸ್ಟಮ್‌ನಲ್ಲಿ ಹಿಡಿಯುವ ಆಪ್ಷನ್ ಇಲ್ಲ, ಆದರೆ ಅರ್ಧ ಕಟ್ಟುವ ಆಪ್ಷನ್ ಇದೆ! 22,500 ಸಂಬಳ ಕೊಡುವವರಿಗೆ ಅದರಲ್ಲಿ 1,850 ಹಿಡಿಯುವುದು ಕಷ್ಟವೇ? ಈ ಒಂದು ಸಾಲಿಗೆ ಬರುವ ಉತ್ತರವೇ ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳುತ್ತೆ. ನಿಜವಾದವರು "ಫೀ ಏನೂ ಇಲ್ಲವಲ್ಲ, ಯಾರು ಹೇಳಿದರು?" ಅನ್ನುತ್ತಾರೆ, ಇಲ್ಲವೇ "ಬನ್ನಿ, ಮಾತಾಡೋಣ" ಅನ್ನುತ್ತಾರೆ. ಮೋಸದವರು ಗಡುವು ತೋರಿಸುತ್ತಾರೆ, ಇಲ್ಲವೇ ಚೌಕಾಸಿಗೆ ಇಳಿಯುತ್ತಾರೆ. ಒಮ್ಮೆ ಕಟ್ಟಿದರೆ ಆಮೇಲೆ ಯೂನಿಫಾರಂ, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಅಂತ ಒಂದೊಂದೇ ಬರುತ್ತೆ. ಮೊದಲ ಮೊತ್ತ ಚಿಕ್ಕದಾಗಿರುವುದೇ ಅದಕ್ಕೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಕೆಪಿಎಸ್‌ಸಿ, ಎಸ್‌ಎಸ್‌ಸಿ ಥರದ ಸರ್ಕಾರಿ ನೇಮಕಾತಿಗೆ ಅರ್ಜಿ ಶುಲ್ಕ ಇರುತ್ತೆ, ಅದು ಸರಿಯಾದದ್ದೇ. ಆದರೆ ಅದನ್ನು ಅವರ ವೆಬ್‌ಸೈಟ್‌ನಲ್ಲಿ ನೀವೇ ಅರ್ಜಿ ತುಂಬಿ ಕಟ್ಟುತ್ತೀರಿ, ಮತ್ತು ಅದು ಪರೀಕ್ಷೆಗೆ ಕಟ್ಟುವ ದುಡ್ಡು. ಕೆಲಸ ಕೊಡುತ್ತೇವೆ ಅಂತ ಯಾರೂ ವಾಟ್ಸಾಪ್‌ನಲ್ಲಿ ಕ್ಯೂಆರ್ ಕಳಿಸುವುದಿಲ್ಲ.

ಇನ್ನು ಅನುಮಾನವನ್ನು ಮುಖಕ್ಕೆ ಹೇಳದೆ ಇರುವುದಕ್ಕೆ ನನ್ನ ಹತ್ತಿರ ಬೇರೆ ಕಾರಣವೂ ಇದೆ. ನೀವು "ಇದು ಫೇಕ್" ಅಂದರೆ ಅವನು ನಿಮ್ಮನ್ನು ಬ್ಲಾಕ್ ಮಾಡಿ ಚಾಟ್ ಅಳಿಸಲು ನೋಡುತ್ತಾನೆ. ಮೆತ್ತಗೆ ಮಾತಾಡಿದರೆ ಮೇಲ್ ಐಡಿ, ಸರ್ಟಿಫಿಕೇಟ್, ಕ್ಯೂಆರ್ ಎಲ್ಲ ಅವನೇ ಕಳಿಸುತ್ತಾನೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮೋಸ ಅಂತ ಖಚಿತವಾದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನ ಚಕ್ಷು ವಿಭಾಗದಲ್ಲಿ ಆ ನಂಬರ್ ವರದಿ ಮಾಡಬಹುದು. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ಹಾಕಿ. ಆಗ ಆ್ಯಪ್‌ನ ಪೇಮೆಂಟ್ ವಿವರದಲ್ಲಿ ಕಾಣುವ ಯುಟಿಆರ್ ನಂಬರ್ ಕೈಯಲ್ಲಿರಲಿ.

ಉತ್ತರಕ್ಕೆ ಎರಡು ದಿನ ಕಾಯಿರಿ. ಮಧ್ಯದಲ್ಲಿ ಅವರು ಫೋನ್ ಮಾಡಿ ಅವಸರ ಮಾಡಿದರೆ "ಮೇಲ್ ನೋಡಿ ಹೇಳುತ್ತೇನೆ ಸರ್" ಅನ್ನುವುದು ಬಿಟ್ಟು ಬೇರೆ ಮಾತು ಬೇಡ. ಅಕ್ಕನ ಮಗಳು ಹಾಗೆ ಮೂರು ಸಲ ಹೇಳಿದ ಮೇಲೆ ಅವರೇ ಫೋನ್ ಮಾಡುವುದು ಬಿಟ್ಟರು.