ನೋಟಿಸಿನ ದಂಡ ಶುಲ್ಕ ಎಲ್ಲಿಂದ ಬಂತು?

"ಸಂಪಾದಕರೇ, ಮನೆ ಸಾಲದ ಮಾರ್ಚ್‌ನಿಂದ ಜೂನ್‌ವರೆಗಿನ ನಾಲ್ಕು ಕಂತು ಕಟ್ಟಲು ಆಗಲಿಲ್ಲ. ಕಂತು 18,000 ರೂಪಾಯಿ, ಪ್ರತಿ ತಿಂಗಳ 5ಕ್ಕೆ. ಉಳಿದ ಅಸಲು 14 ಲಕ್ಷ. ಸರ್ಫೇಸಿ 13(2) ನೋಟಿಸ್ ಬಂದಿದೆ. ತಾರೀಖು ಜೂನ್ 10, ಕೈಗೆ ಸಿಕ್ಕಿದ್ದು 24ಕ್ಕೆ. ಪೂರ್ತಿ ಸಾಲ 60 ದಿನದಲ್ಲಿ ಕಟ್ಟಬೇಕಂತೆ. ದಂಡ ಶುಲ್ಕವೇ 14,882 ರೂಪಾಯಿ. ಇದು ಸರಿಯೇ?"

ಪೂರ್ತಿ ಸಾಲ ಕೇಳಿದ್ದಕ್ಕೆ ಗಾಬರಿ ಬೇಡ. ಸರ್ಫೇಸಿ ಎಂದರೆ ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಸ್ವಾಧೀನ ಮಾಡಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ. ಖಾತೆ ಎನ್‌ಪಿಎ, ಅಂದರೆ ಬಾಕಿ 90 ದಿನ ದಾಟಿದ ಕೆಟ್ಟ ಸಾಲ, ಆದ ಮೇಲೆ ಹಾಗೆ ಕೇಳಲು ಇದರಲ್ಲಿ ಅವಕಾಶವಿದೆ. ನಿಮ್ಮ ಹಳೆಯ ಬಾಕಿ ಮಾರ್ಚ್ 5ರದ್ದು. ಅಲ್ಲಿಂದ 90 ದಿನ ತುಂಬುವುದು ಜೂನ್ 3ಕ್ಕೆ. ನೋಟಿಸ್ ಅದರ ನಂತರದ್ದು, ಹಾಗಾಗಿ ಆ ಲೆಕ್ಕ ಸರಿಯಿದೆ.

ತೊಂದರೆ ಇರುವುದು ದಂಡದಲ್ಲಿ. ಮೊದಲು ಮಂಜೂರಾತಿ ಪತ್ರ ತೆಗೆದು ದಂಡದ ದರ ನೋಡಿ. ಅದು ವರ್ಷಕ್ಕೆ 4% ಎಂದಿದ್ದರೆ, 18,000ಕ್ಕೆ ವರ್ಷಕ್ಕೆ 720 ರೂಪಾಯಿ. ಜೂನ್ 10ರ ಹೊತ್ತಿಗೆ ನಾಲ್ಕು ಕಂತುಗಳು ತಡವಾದದ್ದು 97, 66, 36 ಮತ್ತು 5 ದಿನ, ಒಟ್ಟು 204. ಹಾಗಾದರೆ 720 × 204 ÷ 365, ಸುಮಾರು 402 ರೂಪಾಯಿ. ಅಷ್ಟೇ!

ಮತ್ತೆ 14,882 ಹೇಗೆ ಬಂತು? ಇಡೀ 14 ಲಕ್ಷಕ್ಕೆ 4% ಹಾಕಿ, 97 ದಿನಕ್ಕೆ ಲೆಕ್ಕ ಮಾಡಿ ನೋಡಿ. ಸರಿಯಾಗಿ ಅದೇ ಮೊತ್ತ ಬರುತ್ತದೆ. ಕಂತು ತಪ್ಪಿದ್ದಕ್ಕೆ ಹಾಕುವ ದಂಡ ಬಾಕಿಯಾದ ಮೊತ್ತದ ಮೇಲೆ ಮಾತ್ರ ಇರಬೇಕು ಎನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ದಂಡವನ್ನು ಅಸಲಿಗೆ ಸೇರಿಸಿ ಅದಕ್ಕೂ ಬಡ್ಡಿ ಹಾಕುವಂತಿಲ್ಲ. ಇದನ್ನು ನೋಟಿಸಿನಲ್ಲಿ ನೋಡಿದರೆ ತಿಳಿಯುವುದಿಲ್ಲ, ಖಾತೆಯ ಸ್ಟೇಟ್‌ಮೆಂಟ್ ಬೇಕು. ದಂಡ ಬಿದ್ದ ಮರುತಿಂಗಳು ಬಡ್ಡಿ ಸುಮ್ನೆ ಜಾಸ್ತಿಯಾಗಿದೆಯೇ ನೋಡಿ.

ಗಡುವಿನ ವಿಷಯ. ಕಾಯ್ದೆ 60 ದಿನವನ್ನು ನೋಟಿಸಿನ ತಾರೀಖಿನಿಂದ ಹೇಳುತ್ತದೆ. ಆದ್ದರಿಂದ ಆಗಸ್ಟ್ 9 ಎಂದೇ ಇಟ್ಟುಕೊಳ್ಳಿ, 24ರಿಂದ ಎಣಿಸಿ ಕೂರಬೇಡಿ. ಅಂಚೆ ಮುದ್ರೆಯಿರುವ ಲಕೋಟೆಯನ್ನೂ ಎಸೆಯಬೇಡಿ, ತಡವಾಗಿ ತಲುಪಿದ್ದಕ್ಕೆ ಅದೇ ಸಾಕ್ಷಿ.

ಆಕ್ಷೇಪಣೆಯನ್ನು ಬರಹದಲ್ಲೇ ಕೊಡಿ. ನೋಟಿಸಿಗೆ ಸಹಿ ಹಾಕಿದ ಅಧಿಕಾರಿಯ ಹೆಸರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಎರಡೂ ಲೆಕ್ಕ ಪಕ್ಕಪಕ್ಕ ಬರೆದು, ಸ್ಟೇಟ್‌ಮೆಂಟ್ ಕೇಳಿ. ನಿಮ್ಮ ಆಕ್ಷೇಪಣೆ ತಲುಪಿದ 15 ದಿನದೊಳಗೆ, ಒಪ್ಪದಿದ್ದರೆ ಯಾಕೆ ಎಂದು ಬ್ಯಾಂಕು ಕಾರಣ ತಿಳಿಸಲೇಬೇಕು. ಆ ಉತ್ತರದ ವಿರುದ್ಧವೇ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಆಗುವುದಿಲ್ಲ. ಬ್ಯಾಂಕು ಮನೆ ಸ್ವಾಧೀನಕ್ಕೆ ಕ್ರಮ ಕೈಗೊಂಡ ಮೇಲೆ 45 ದಿನದೊಳಗೆ ಹೋಗಬಹುದು.

ಒಂದು ಮಾತು ಮನಸ್ಸಿನಲ್ಲಿರಲಿ. ದಂಡದ ಲೆಕ್ಕ ತಪ್ಪಾಗಿದ್ದರೂ 72,000 ರೂಪಾಯಿಯ ಕಂತು ಬಾಕಿ ನಿಜ, ಅಲ್ವಾ? ಪತ್ರದ ಜೊತೆಗೆ ಅದನ್ನು ಹೊಂದಿಸಲು ನೋಡಿ. ಅಸಲು, ಬಡ್ಡಿಯ ಬಾಕಿ ಪೂರ್ತಿ ತೀರಿದರೆ ಖಾತೆ ಮತ್ತೆ ಎನ್‌ಪಿಎಯಿಂದ ಹೊರಬರುತ್ತದೆ. ಅರ್ಧ ಕಟ್ಟಿದರೆ ಬರುವುದಿಲ್ಲ.