ಇಲಿ ಸತ್ತ ಮೇಲೆ ಚಿಗಟ ನಮ್ಮನ್ನೇಕೆ ಕಚ್ಚುತ್ತದೆ?

ಪ್ರಶ್ನೆ: ಅಟ್ಟದ ಇಲಿಗಳಿಗೆ ಪಾಷಾಣ ಇಟ್ಟೆವು. ಕಾಟ ತಪ್ಪಿತು ಎನ್ನುವಷ್ಟರಲ್ಲಿ ಮನೆಯವರ ಕಾಲಿಗೆಲ್ಲ ಚಿಗಟ ಕಚ್ಚತೊಡಗಿದೆ. ಮೊದಲು ಇಲ್ಲದ್ದು ಈಗೇಕೆ?

ಉತ್ತರ: ಚಿಗಟ ಮೊದಲೂ ಇತ್ತು, ಇಲಿಯ ಮೈಮೇಲೆ. ಅದಕ್ಕೆ ಬೇಕಾದದ್ದು ಬೆಚ್ಚಗಿನ ಮೈ, ಹರಿಯುವ ರಕ್ತ. ಇಲಿ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಚಿಗಟ ಇಳಿದುಬಿಡುತ್ತದೆ. ಹತ್ತಿರ ಇನ್ನೊಂದು ಇಲಿ ಸಿಕ್ಕಿದರೆ ಅದನ್ನೇ ಹಿಡಿಯುತ್ತದೆ. ಸಿಗದಿದ್ದರೆ ಹಸಿವಿಗೆ ನಾವಾದರೂ ಆದೀತು. ನೆಲದಿಂದ ಹಾರುವುದರಿಂದ ಕಚ್ಚು ಹೆಚ್ಚಾಗಿ ಪಾದ, ಕಣಕಾಲುಗಳಲ್ಲೇ.

ಬೋನಿನಲ್ಲಿ ಹಿಡಿದು ದೂರ ಬಿಟ್ಟರೂ ತೊಂದರೆ ಪೂರ್ತಿ ತಪ್ಪುವುದಿಲ್ಲ. ಚಿಗಟದ ಮೊಟ್ಟೆ, ಮರಿಹುಳು, ಗೂಡುಕಟ್ಟಿದ ಕೋಶ ಎಲ್ಲವೂ ಇಲಿಯ ಗೂಡಿನ ಕಸದಲ್ಲೇ ಉಳಿದಿರುತ್ತವೆ. ಕೋಶದೊಳಗಿನ ಚಿಗಟ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನಿದ್ದು, ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಾಗಿದಾಗ ಹೊರಬರುತ್ತದೆ.

ಹಾಗಾಗಿ ನೀವು ಮಾಡಿದ ಕೆಲಸದ ಕ್ರಮ ತಿರುಗುಮುರುಗಾಯಿತು. ಮೊದಲು ಬಿಲ ಮತ್ತು ಓಡಾಟದ ದಾರಿಗೆ ಚಿಗಟ ಕೊಲ್ಲುವ ಪುಡಿ, ಆಮೇಲೆ ಇಲಿಗೆ ಪಾಷಾಣ. ಪ್ಲೇಗನ್ನು ಇಲಿಯಿಂದ ಮನುಷ್ಯರಿಗೆ ದಾಟಿಸುವುದು ಚಿಗಟವೇ ಆದ್ದರಿಂದ, ಅದು ಹರಡಿದ ಊರುಗಳಲ್ಲಿ ಈ ಕ್ರಮ ತಪ್ಪಿದರೆ ಜೀವಕ್ಕೇ ಕುತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಹಿಂದಿನವರು ಮನೆ ಬಿಟ್ಟು ಊರಾಚೆ ಗುಡಿಸಲು ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ.

ಈಗ ಸತ್ತ ಇಲಿಗಳನ್ನು ಹುಡುಕಿ, ಕೈಗವಸು ತೊಟ್ಟು, ಕೀಟನಾಶಕ ಸಿಂಪಡಿಸಿ ಚೀಲದಲ್ಲಿ ಕಟ್ಟಿ ಸಾಗಿಸಿ. ಅಟ್ಟದ ಗೂಡು ತೆಗೆದು, ಸಂದುಗಳಿಗೆ ಔಷಧ ಹೊಡೆಸಿ. ಕೋಶಕ್ಕೆ ಔಷಧ ಸರಿಯಾಗಿ ತಾಗದ ಕಾರಣ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಹೊಡೆಸಬೇಕಾಗಬಹುದು. ಬಿಳಿ ಕಾಲುಚೀಲ ತೊಟ್ಟು ಅಲ್ಲಿ ಓಡಾಡಿ ನೋಡಿ. ಚಿಗಟ ಉಳಿದಿದ್ದರೆ ಕಂದು ಚುಕ್ಕೆಯಾಗಿ ಕಾಣುತ್ತದೆ.