ದಿನಕ್ಕೆ 64 ಮೆಸೇಜಿನ ಬದಲು ಸಂಜೆಗೊಂದು: ತೋಟದ ಅಲರ್ಟು ಕಟ್ಟುವ ಬಗೆ

«ಪೆರ್ಲ ಬದಿಯಲ್ಲಿ ಅಡಿಕೆ ತೋಟ. ಪಂಪು, ಟ್ಯಾಂಕು, ಮಣ್ಣಿನ ತೇವ, ಕರೆಂಟು ಎಲ್ಲದರ ಸುದ್ದಿ ರಾಸ್ಪ್‌ಬೆರಿ ಪೈಯಿಂದ ಟೆಲಿಗ್ರಾಂಗೆ ಬರುತ್ತದೆ. ದಿನಕ್ಕೆ ಅರುವತ್ತರ ಮೇಲೆ. ಕಿರಿಕಿರಿಯಾಗಿ ಮ್ಯೂಟ್ ಮಾಡಿದೆ. ಮೊನ್ನೆ ನೀರಿಲ್ಲದೆ ಪಂಪು ಓಡಿದ್ದೂ ಗೊತ್ತಾಗಲಿಲ್ಲ. ಎಲ್ಲ ಸೇರಿಸಿ ದಿನಕ್ಕೊಂದೇ ಮೆಸೇಜ್ ಮಾಡುವುದು ಹೇಗೆ?»

ಅಣ್ಣ, ಮೇಲೆ ಮುಳ್ಳೇರಿಯದವರು «ಎಲ್ಲವನ್ನೂ ರಾತ್ರಿ 8ಕ್ಕೆ ಒಟ್ಟಿಗೆ ಕಳಿಸಿ, ಮುಗೀತು» ಅಂದಿದ್ದಾರೆ. ಅರ್ಧ ಸರಿ. ಪಂಪು ಬೆಳಿಗ್ಗೆ 10ಕ್ಕೆ ಒಣಗಿ ಓಡಿದ್ದನ್ನು ರಾತ್ರಿ 8ಕ್ಕೆ ಓದಿ ಏನು ಮಾಡುವುದು? ಬದಿಯಡ್ಕದ ಅಕ್ಕ ಹೇಳಿದ್ದು ಫೋನಿನಲ್ಲೇ ಇರುವ ಸಾರಾಂಶದ ಸೆಟ್ಟಿಂಗಿನ ವಿಷಯ. ಅದು ಬಂದ ಮೆಸೇಜುಗಳನ್ನು ತಡೆದಿಟ್ಟು ಹೊತ್ತಿಗೆ ಸರಿಯಾಗಿ ತೋರಿಸುತ್ತದೆ, ಅಷ್ಟೆ. 64 ಇದ್ದದ್ದು 64 ಆಗಿಯೇ ಉಳಿಯುತ್ತದೆ. ನಿಮಗೆ ಬೇಕಾದದ್ದು ಲೆಕ್ಕ ಹಾಕಿ ಕೊಡುವ ಮೆಸೇಜು.

ಮೊದಲು ಒಂದೊಂದು ಘಟನೆಗೂ ಒಂದೇ ಪ್ರಶ್ನೆ ಕೇಳಿ: ಇದು ಈಗ ಗೊತ್ತಾಗದೆ ಸಂಜೆ ಗೊತ್ತಾದರೆ ಏನು ನಷ್ಟ? ನಷ್ಟ ಇಲ್ಲದಿದ್ದರೆ ಸಂಜೆಯ ಪಟ್ಟಿಗೆ. ನಷ್ಟ ಇದೆ, ನೀವು ಹೋಗಿ ಸರಿಮಾಡುವಷ್ಟು ಹೊತ್ತೂ ಇದೆ ಅಂತಾದರೆ ಕೂಡಲೇ ಮೆಸೇಜು. ಪಂಪು ಒಣಗಿ ಓಡುವುದು, ಮೂರು ಫೇಸಿನಲ್ಲಿ ಒಂದು ಹೋಗುವುದು ಈ ಎರಡರಲ್ಲೂ ಸೇರುವುದಿಲ್ಲ. ಮೆಸೇಜು ನೋಡಿ, ಚಪ್ಪಲಿ ಹಾಕಿ, ತೋಟಕ್ಕೆ ಇಳಿಯುವಷ್ಟರಲ್ಲಿ ಮೋಟಾರಿನ ಕತೆ ಮುಗಿದಿರುತ್ತದೆ. ಅದನ್ನು ಸ್ಟಾರ್ಟರಿಗೆ ಕೂರಿಸಿದ ಪ್ರಿವೆಂಟರೇ ಕಡಿಯಬೇಕು. ಕಡಿದ ಸುದ್ದಿ ಮಾತ್ರ ಕೂಡಲೇ ಬರಲಿ. ಮೊನ್ನೆ ನಿಮಗೆ ಆದದ್ದಕ್ಕೆ ಮದ್ದು ಇದು, ದಿನದ ಮೆಸೇಜಲ್ಲ.

ನನ್ನಲ್ಲಿ ಫೆಬ್ರವರಿಯ ಒಂದು ದಿನದ ಲೆಕ್ಕ ಹೇಳುತ್ತೇನೆ. ಒಟ್ಟು 64 ಘಟನೆ. ಕರೆಂಟು ಹೋದದ್ದು ಬಂದದ್ದು ಸೇರಿ 22, ಮಣ್ಣಿನ ತೇವ 20, ಟ್ಯಾಂಕ್ 16, ಪಂಪು 6. ಟ್ಯಾಂಕಿನ 16ರಲ್ಲಿ ಹೆಚ್ಚಿನವು ಸುಳ್ಳು. ನೀರು ತುಂಬುವಾಗ ಅಲೆಗೆ ಫ್ಲೋಟ್ ಕುಣಿದು ತುಂಬಿತು, ಇಲ್ಲ, ತುಂಬಿತು ಅಂತ ಹೇಳುತ್ತಾ ಇತ್ತು. ಎರಡು ನಿಮಿಷ ಒಂದೇ ಸ್ಥಿತಿಯಲ್ಲಿ ನಿಂತರೆ ಮಾತ್ರ ಬರೆದುಕೋ ಅಂತ ಮಾಡಿದೆ. 16 ಇದ್ದದ್ದು 6ಕ್ಕೆ ಇಳಿಯಿತು. ಈ ಕಸ ತೆಗೆಯದೆ ಪಟ್ಟಿ ಮಾಡಿದರೆ ಪಟ್ಟಿಯೂ ಸುಳ್ಳೇ ಹೇಳುತ್ತದೆ.

ಆಮೇಲೆ ಘಟನೆಗಳನ್ನು ಸಾಲಾಗಿ ಜೋಡಿಸಬೇಡಿ. ಹೋದದ್ದು ಬಂದದ್ದು ಜೋಡಿ ಮಾಡಿ, ಎಷ್ಟು ಸಲ, ಒಟ್ಟು ಎಷ್ಟು ಹೊತ್ತು ಅಂತ ಕೂಡಿಸಿ. ಪಕ್ಕದಲ್ಲಿ ನಿನ್ನೆಯದೂ ಇರಲಿ. ನನಗೆ ಬರುವುದು ಹೀಗೆ:

```
ಪಂಪು: 3 ಸಲ, 4 ಗಂಟೆ 3 ನಿಮಿಷ
ಒಂದು ತುಂಬಿಗೆ: 81 ನಿಮಿಷ, ನಿನ್ನೆ 78
ಕರೆಂಟು: 11 ಸಲ ಹೋಯ್ತು, ಉದ್ದದ್ದು 48 ನಿಮಿಷ
ತೇವ: ಮೇಲಿನ ತಟ್ಟು ಸರಿ
ಕೆರೆ ಬದಿ ಸೆನ್ಸರ್: 9:12ರ ನಂತರ ಸುದ್ದಿ ಇಲ್ಲ
```

ಎರಡನೇ ಸಾಲು ನೋಡಿ. ಅದೇ ಟ್ಯಾಂಕು, ಅದೇ ಅರ್ಧದಿಂದ ತುಂಬುವವರೆಗೆ. ತಿಂಗಳ ಮೊದಲಿಗೆ 62 ನಿಮಿಷ ಇತ್ತು. ಆಮೇಲೆ 70, 78, 81. ಬಿಡಿ ಮೆಸೇಜು ಬರುತ್ತಿದ್ದಾಗ «ಪಂಪು ಆನ್», «ಟ್ಯಾಂಕ್ ತುಂಬಿತು» ಅಂತ ಎರಡೂ ಸರಿಯಾಗಿಯೇ ಬರುತ್ತಿತ್ತು, ನಡುವಿನ ಹೊತ್ತು ಬೆಳೆಯುತ್ತಿರುವುದು ಕಾಣುತ್ತಿರಲಿಲ್ಲ. ಕೆರೆಯ ನೀರು ಇಳಿದಿರಬೇಕು, ಬೇಸಗೆ ಅಲ್ವಾ ಅಂದುಕೊಂಡೆ. ಇಳಿದು ನೋಡಿದರೆ ನೀರು ಒಂದು ಗೇಣು ಮಾತ್ರ ಕಡಿಮೆ. ಫುಟ್‌ವಾಲ್ವಿನ ಜಾಲರಿಗೆ ಕೊಳೆತ ಎಲೆ ಮೆತ್ತಿಕೊಂಡಿತ್ತು. ತೆಗೆದ ಮರುದಿನ 65ಕ್ಕೆ ಬಂತು. ಉಳಿದ ಮೂರು ನಿಮಿಷ ನೀರು ಇಳಿದದ್ದರ ಲೆಕ್ಕ ಇರಬಹುದು, ನಾನು ಹಿಂದೆ ಬೀಳಲಿಲ್ಲ.

ಈಗ ಕಳಿಸುವ ಕೆಲಸ. ಇಲ್ಲಿ ನಾನು ಎರಡು ಸಲ ಮುಗ್ಗರಿಸಿದ್ದೇನೆ. ಮೊದಲು ಕ್ರಾನ್‌ನಲ್ಲಿ ಸಂಜೆ 5ಕ್ಕೆ ಇಟ್ಟೆ. ಒಂದು ದಿನ ಇನ್ವರ್ಟರಿನ ಬ್ಯಾಟರಿ ಮುಗಿದು 5 ಗಂಟೆಗೆ ಪೈಯೂ ಮಲಗಿತ್ತು. ಕ್ರಾನ್ ತಪ್ಪಿಹೋದ ಹೊತ್ತಿನ ಕೆಲಸವನ್ನು ಆಮೇಲೆ ಮಾಡುವುದಿಲ್ಲ. ಆ ದಿನದ ಮೆಸೇಜು ಬರಲೇ ಇಲ್ಲ. ಸಿಸ್ಟಂಡಿಯ ಟೈಮರಿನಲ್ಲಿ ಕೊನೆಯಿಂದ ಎರಡನೇ ಸಾಲು ಇದ್ದರೆ, ಪೈ ಎದ್ದ ಕೂಡಲೇ ಬಾಕಿ ಕೆಲಸ ಮಾಡುತ್ತದೆ:

```
[Timer]
Unit=digest.service
OnCalendar=*-*-* 17:00
Persistent=true
AccuracySec=1min
```

ಎರಡನೆಯದು ಇದಕ್ಕಿಂತ ನಾಜೂಕು. «ಕಳೆದ 24 ಗಂಟೆ» ಅಂತ ಲೆಕ್ಕ ತೆಗೆಯುತ್ತಿದ್ದೆ. ಮೆಸೇಜು ತಡವಾಗಿ 7ಕ್ಕೆ ಹೋದರೆ ನಿನ್ನೆ 5ರಿಂದ 7ರ ಘಟನೆಗಳು ಎಲ್ಲೂ ಸೇರದೆ ಹೋದವು. ಮರುದಿನ 5ಕ್ಕೆ ಹೋದಾಗ ಅವತ್ತು 5ರಿಂದ 7ರದ್ದು ಎರಡು ಸಲ ಬಂತು. ಮೇಲಾಗಿ ಪೈ 4ರ ತನಕದ ಬೋರ್ಡುಗಳಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ. ಕರೆಂಟು ಬಂದು ನೆಟ್ ಸಿಗುವವರೆಗೆ ಹಳೆಯ ಹೊತ್ತನ್ನೇ ಹೇಳುತ್ತದೆ. ಆದ್ದರಿಂದ ಹೊತ್ತನ್ನು ನಂಬದೆ ಸಾಲಿನ ನಂಬರು ಹಿಡಿಯಿರಿ:

```
SELECT id, ts, what, val FROM log
WHERE id > :last_id ORDER BY id;
```

ಮೆಸೇಜು ತಲುಪಿತು ಅಂತ ಟೆಲಿಗ್ರಾಂ `"ok":true` ಉತ್ತರ ಕೊಟ್ಟ ಮೇಲೆಯೇ ಕೊನೆಯ ನಂಬರನ್ನು ಬರೆದಿಡಿ. ಮೊದಲೇ ಬರೆದರೆ, ನೆಟ್ ಇಲ್ಲದ ದಿನದ ಪಟ್ಟಿ ಗಾಳಿಗೆ ಹೋದಂತೆ. ನಂಬರಿನಿಂದ ಸಾಲು ತಪ್ಪುವುದಿಲ್ಲ, ನಿಜ. ಆದರೆ ಗಡಿಯಾರ ತಪ್ಪಿದ ಹೊತ್ತಿನ ನಿಮಿಷಗಳ ಲೆಕ್ಕ ತಪ್ಪೇ ಇರುತ್ತದೆ. ಅದಕ್ಕೆ `DS3231` ಗಡಿಯಾರದ ಚಿಕ್ಕ ಬೋರ್ಡು ಸಿಕ್ಕಿಸಬೇಕು.

ಏನೂ ಆಗದ ದಿನವೂ «ಇವತ್ತು ವಿಶೇಷ ಇಲ್ಲ» ಅಂತ ಒಂದು ಸಾಲು ಬರಲಿ. ಇಲ್ಲದಿದ್ದರೆ ತೋಟ ಸುಮ್ನಿದೆಯೋ, ಪೈ ಸತ್ತಿದೆಯೋ ಗೊತ್ತಾಗುವುದಿಲ್ಲ. ಆದರೂ ಬಾರದ ಮೆಸೇಜನ್ನು ಯಾರೂ ಗಮನಿಸುವುದಿಲ್ಲ. ನನಗೆ ಒಮ್ಮೆ ಮೂರು ದಿನ ಗೊತ್ತಾಗಲಿಲ್ಲ, ಮದುವೆ ಓಡಾಟದಲ್ಲಿದ್ದೆ. ಈಗ ಪಟ್ಟಿ ಹೋದ ಮೇಲೆ ಪೈ `healthchecks.io` ಗೆ ಒಂದು ಪಿಂಗ್ ಕೊಡುತ್ತದೆ. ಹೇಳಿದ ಹೊತ್ತಿಗೆ ಪಿಂಗ್ ಬಾರದಿದ್ದರೆ ಅದು ನನಗೆ ಈಮೇಲ್ ಮಾಡುತ್ತದೆ.

ಕೂಡಲೇ ಬರುವ ಮೆಸೇಜಿಗೆ ಬೇರೆಯೇ ಗುಂಪು ಮಾಡಿ, ಅದಕ್ಕೆ ಜೋರು ರಿಂಗ್ ಇಡಿ. ಒಂದೇ ಕಡೆ ಎರಡೂ ಬಂದರೆ ಮತ್ತೆ ಮ್ಯೂಟ್ ಮಾಡುತ್ತೀರಿ. ನನ್ನಲ್ಲಿ ಕೂಡಲೇ ಬರುವುದು ಎರಡೇ: ಪ್ರಿವೆಂಟರ್ ಕಡಿದದ್ದು, ಮತ್ತೆ ಪಂಪು ಎರಡು ಗಂಟೆ ಓಡಿದರೂ ಟ್ಯಾಂಕ್ ತುಂಬದೆ ಇರುವುದು. ಎರಡನೆಯದು ಹೆಚ್ಚಾಗಿ ಪೈಪು ಒಡೆದಾಗ ಬರುತ್ತದೆ. ಒಮ್ಮೆ ಹಂದಿ ತುಳಿದಿತ್ತು.

ಹೊತ್ತಿನ ಬಗ್ಗೆ ನನ್ನ ಹೆಂಡತಿಯದು ಬೇರೆ ಮಾತು. ಬೆಳಿಗ್ಗೆ 6ಕ್ಕೆ ಬಂದರೆ ಆಳುಗಳಿಗೆ ಕೆಲಸ ಹೇಳಲು ಅನುಕೂಲ ಅನ್ನುತ್ತಾಳೆ. ನಾನು 5 ಇಟ್ಟದ್ದು ಬೆಳಕಿರುವಾಗಲೇ ಕೆರೆಯ ಬದಿಗೆ ಹೋಗಿ ಬರಬಹುದು ಅಂತ. ಇನ್ನೂ ತೀರ್ಮಾನ ಆಗಿಲ್ಲ. ನಿಮ್ಮ ಟ್ಯಾಂಕಿನ ಫ್ಲೋಟ್ ಯಾವ ನಮೂನೆಯದು, ಘಟನೆಗಳನ್ನು ಈಗ ಎಲ್ಲಿ ಬರೆದಿಡುತ್ತಿದ್ದೀರಿ, ಹೇಳಿ. ಟೆಲಿಗ್ರಾಂ ಒಂದರಲ್ಲೇ ಇದ್ದರೆ ಮೊದಲು ಪೈಯಲ್ಲಿ ಬರೆದಿಡುವ ವ್ಯವಸ್ಥೆ ಆಗಬೇಕು.